ಹದಿನೈದು ದಿನದ ಅರ್ಜಿ, ಎಂಟು ವಾರ ಬೇಕಿದ್ದ ಕಾಲು

ನಮಗೆ ಗೊತ್ತಿರುವ ಗಣಿತದ ಟೀಚರ್ ಒಬ್ಬರು ಪ್ರಾಂಶುಪಾಲರಿಗೆ ಬರೆದ ಮೊದಲ ರಜಾ ಅರ್ಜಿ ಮೂರೇ ಸಾಲಿನದು. 'ಕಾಲು ನೋವಿನ ಕಾರಣ ಚಿಕಿತ್ಸೆ ಪಡೆಯಬೇಕಾಗಿರುವುದರಿಂದ 15 ದಿನಗಳ ರಜೆ ನೀಡಬೇಕಾಗಿ ವಿನಂತಿ.' ಇಷ್ಟೇ. ಅವರಿಗೆ ಆಗಬೇಕಿದ್ದದ್ದು ಎಡಗಾಲಿನ ಹರಡಿನ ಲಿಗಮೆಂಟ್ ಆಪರೇಷನ್. ಡಾಕ್ಟರು ಹೇಳಿದ್ದು ಎಂಟು ವಾರ. ಟೀಚರ್ ಬರೆದದ್ದು ಎರಡು ವಾರ.

ಯಾಕೆ ಮೇಡಂ ಹಿಂಗೆ ಬರೆದ್ರಿ ಅಂತ ಕೇಳಿದೆವು. 'ಎಂಟು ವಾರ ಅಂದ್ರೆ ಸರ್ ಏನಂತಾರೋ, ಊರವರು ಏನಂತಾರೋ. ಮೊದಲು ಹದಿನೈದು ದಿನ ಹಾಕೋಣ, ಆಮೇಲೆ ಮುಂದುವರಿಸಿದರಾಯ್ತು' ಅಂದರು. ಪುಣ್ಯಕ್ಕೆ ಆ ಅರ್ಜಿ ಕೊಡುವ ಮೊದಲೇ ಹರಿದು ಹಾಕಿ ಬೇರೆ ಬರೆದರು. ಆ ಎರಡನೇ ಅರ್ಜಿಯನ್ನು, ಹೆಸರು ಮತ್ತು ಊರು ತೆಗೆದು, ಕೆಳಗೆ ಪೂರ್ತಿ ಹಾಕಿದ್ದೇವೆ. ನಾವು ಹೇಳಬೇಕೆಂದಿರುವ ಮಾತು ಒಂದೇ. ಬೇಕಾದಷ್ಟು ರಜೆಯನ್ನು ಒಂದೇ ಸಲ, ನಿಜ ಹೇಳಿ ಕೇಳುವುದೇ ಮಕ್ಕಳಿಗೂ ಒಳ್ಳೆಯದು, ಕಾಲಿಗೂ ಒಳ್ಳೆಯದು. ಕಂತಿನಲ್ಲಿ ಕೇಳುವ ರಜೆ ಇಬ್ಬರಿಗೂ ನಷ್ಟ.

ಉಳುಕಿದ ಕಾಲಿಗೆ ಆಪರೇಷನ್ ಯಾಕೆ?

ಇದು ಊರಲ್ಲಿ ಎಲ್ಲರೂ ಕೇಳುವ ಪ್ರಶ್ನೆ. ಕಾಲು ಉಳುಕದವರು ಯಾರಿದ್ದಾರೆ? ಎಣ್ಣೆ ಹಚ್ಚಿ ನೀವಿಸಿಕೊಂಡು, ಪಟ್ಟು ಹಾಕಿಸಿಕೊಂಡು ವಾರಕ್ಕೆ ಗದ್ದೆಗೆ ಇಳಿದವರೇ ಎಲ್ಲ. ಹಾಗಾಗಿ 'ಉಳುಕಿಗೆ ಆಪರೇಷನ್ನಂತೆ, ಎರಡು ತಿಂಗಳು ರಜೆಯಂತೆ' ಎಂದು ಮಾತು ಶುರುವಾಗುತ್ತದೆ.

ಈ ಮಾತಿನಲ್ಲಿ ಅರ್ಧ ಸತ್ಯ ಇದೆ. ಹೆಚ್ಚಿನ ಉಳುಕುಗಳು ಆಪರೇಷನ್ ಇಲ್ಲದೆಯೇ ವಾಸಿಯಾಗುತ್ತವೆ. ಹರಡಿನ ಹೊರಬದಿಯಲ್ಲಿ ಮೂಳೆಗೂ ಮೂಳೆಗೂ ನಡುವೆ ಗಟ್ಟಿಯಾದ ಪಟ್ಟಿಗಳಿರುತ್ತವೆ, ಅವೇ ಲಿಗಮೆಂಟ್. ಪಾದ ಒಳಗೆ ತಿರುಚಿಕೊಂಡು ಬಿದ್ದಾಗ ಮೊದಲು ಪೆಟ್ಟು ತಿನ್ನುವುದು ಹೊರಬದಿಯ ಮುಂದಿನ ಪಟ್ಟಿ. ಸ್ವಲ್ಪ ಎಳೆದಿದ್ದರೆ, ಅಷ್ಟೇಕೆ, ಹರಿದಿದ್ದರೂ ಬಹಳ ಜನಕ್ಕೆ ಬ್ರೇಸ್, ವಿಶ್ರಾಂತಿ, ವ್ಯಾಯಾಮದಲ್ಲೇ ಸರಿಹೋಗುತ್ತದೆ.

ಕೆಲವರಿಗೆ ಮಾತ್ರ ಆ ಪಟ್ಟಿ ಸಡಿಲವಾಗಿಯೇ ಉಳಿದುಬಿಡುತ್ತದೆ. ನಮ್ಮ ಟೀಚರ್ ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ಶಾಲೆಯ ಮೆಟ್ಟಿಲ ಮೇಲೆ ಜಾರಿ ಬಿದ್ದಿದ್ದರು. ಆಮೇಲೆ ಕಲ್ಲು ಹಾದಿಯಲ್ಲಿ, ಬಸ್ಸಿಂದ ಇಳಿಯುವಾಗ, ಒಮ್ಮೆ ಬೋರ್ಡಿನ ಕಡೆ ತಿರುಗುವಾಗಲೂ ಕಾಲು ಥಟ್ಟನೆ ಮಡಚಿಕೊಳ್ಳುತ್ತಿತ್ತು. ಸಂಕ್ರಾಂತಿಯಿಂದ ತಿಂಗಳುಗಟ್ಟಲೆ ಫಿಸಿಯೋಥೆರಪಿ ಮಾಡಿದರೂ ನಿಲ್ಲಲಿಲ್ಲ. ಹೀಗೆ ವ್ಯಾಯಾಮ ಮಾಡಿದ ಮೇಲೂ ಕಾಲು ಮತ್ತೆ ಮತ್ತೆ ಕೈಕೊಟ್ಟರೆ ಡಾಕ್ಟರು ಆಪರೇಷನ್ ಮಾತೆತ್ತುತ್ತಾರೆ. ಹಾಗೇ ಬಿಟ್ಟರೆ ಕೀಲಿನೊಳಗಿನ ನುಣುಪಾದ ಪದರ ಸವೆಯುವ ಅಪಾಯ ಇರುತ್ತದೆ. ಆಪರೇಷನ್ನಿನಲ್ಲಿ ಸಡಿಲವಾದ ಪಟ್ಟಿಯನ್ನು ಬಿಗಿಮಾಡಿ ಮೂಳೆಗೆ ಹೊಲಿಯುತ್ತಾರೆ.

ಇಲ್ಲಿ ನೆನಪಿಡಬೇಕಾದ ವಿಷಯ ಒಂದಿದೆ. ನೋವು ಮೊದಲು ಹೋಗುತ್ತದೆ, ಬಲ ಆಮೇಲೆ ಬರುತ್ತದೆ. ಮೂರನೇ ವಾರಕ್ಕೆ ನೋವು ಎಷ್ಟೋ ಕಡಿಮೆಯಾಗಿರುತ್ತದೆ. ಆದರೆ ಹೊಲಿದ ಪಟ್ಟಿ ಮೂಳೆಗೆ ಸರಿಯಾಗಿ ಕೂಡಿಕೊಳ್ಳಲು ಸುಮಾರು ಆರು ವಾರ ಬೇಕು. ಪೂರ್ತಿ ಗಟ್ಟಿಯಾಗಲು ತಿಂಗಳುಗಳೇ ಹಿಡಿಯುತ್ತವೆ. 'ಈಗ ನೋವಿಲ್ಲ, ಹೋಗಿಬಿಡೋಣ' ಅನ್ನಿಸುವ ಹೊತ್ತಿಗೂ ಕಾಲು ನಿಜವಾಗಿ ಸಿದ್ಧವಾಗುವ ಹೊತ್ತಿಗೂ ನಡುವೆ ನಾಲ್ಕೈದು ವಾರ ಇರುತ್ತದೆ. ಹದಿನೈದು ದಿನದ ರಜೆ ಮುಗಿಯುವುದು ಸರಿಯಾಗಿ ಈ ನಡುವಿನ ಹೊತ್ತಲ್ಲಿ.

ಎಂಟು ವಾರ ಎಲ್ಲಿಂದ ಬಂತು?

ಟೀಚರಿಗೆ ಅವರ ಸರ್ಜನ್ ಬಿಡಿಸಿ ಹೇಳಿದ್ದು ಹೀಗೆ. ಮೊದಲ ಎರಡು ವಾರ ಕಾಲಿಗೆ ಸ್ಪ್ಲಿಂಟ್ ಕಟ್ಟಿರುತ್ತದೆ, ಪಾದ ನೆಲಕ್ಕೆ ಊರುವಂತಿಲ್ಲ, ವಾಕರ್ ಹಿಡಿದೇ ಓಡಾಟ. ಮಲಗಿದಾಗ ದಿಂಬಿಟ್ಟು ಕಾಲನ್ನು ಎದೆಗಿಂತ ಮೇಲೆ ಇಡಬೇಕು, ಇಲ್ಲದಿದ್ದರೆ ಬಾವು ಇಳಿಯುವುದಿಲ್ಲ, ಗಾಯ ಒಣಗುವುದು ತಡ. ಸುಮಾರು ಹದಿನಾಲ್ಕನೇ ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ. ಮೂರರಿಂದ ಆರನೇ ವಾರದವರೆಗೆ ಪ್ಲಾಸ್ಟಿಕ್ಕಿನ ದೊಡ್ಡ ಬೂಟು ಹಾಕಿಕೊಂಡು, ಡಾಕ್ಟರು ಹೇಳಿದಷ್ಟೇ ಭಾರ ಹಾಕುತ್ತಾ ಹೆಜ್ಜೆ ಇಡುವುದು. ಏಳು, ಎಂಟನೇ ವಾರ ಬೂಟು ತೆಗೆದು ಬ್ರೇಸ್ ಹಾಕಿ, ಫಿಸಿಯೋಥೆರಪಿ ಮಾಡುತ್ತಾ, ನಿಲ್ಲುವುದನ್ನೂ ಮೆಟ್ಟಿಲು ಹತ್ತುವುದನ್ನೂ ಮತ್ತೆ ರೂಢಿ ಮಾಡಿಕೊಳ್ಳುವುದು. ಓಡುವುದು, ಜಿಗಿಯುವುದು ನಾಲ್ಕು ತಿಂಗಳ ಮೇಲಿನ ಮಾತು.

ಇದು ಎಲ್ಲರಿಗೂ ಒಂದೇ ಲೆಕ್ಕವಲ್ಲ. ಯಾವ ಬಗೆಯ ಆಪರೇಷನ್, ಎಷ್ಟು ಹಾನಿ, ವಯಸ್ಸೆಷ್ಟು ಎಂಬುದರ ಮೇಲೆ ಹೆಚ್ಚುಕಡಿಮೆ ಆಗುತ್ತದೆ. ಕೆಲವು ಸರ್ಜನ್‌ಗಳು ಬೇಗ ನಡೆಸುತ್ತಾರೆ, ಕೆಲವರು ತಡವಾಗಿ. ನಿಮ್ಮ ಡಾಕ್ಟರು ನಿಮ್ಮ ಚೀಟಿಯಲ್ಲಿ ಬರೆದದ್ದೇ ನಿಮ್ಮ ಲೆಕ್ಕ.

ಇನ್ನೊಂದು ಮಾತು. ಡಾಕ್ಟರಿಗೆ ನಿಮ್ಮ ಕೆಲಸ ಎಂಥದ್ದು ಅಂತ ನೀವೇ ಹೇಳಬೇಕು. 'ಟೀಚರ್' ಅಂದರೆ ಪಟ್ಟಣದ ಡಾಕ್ಟರಿಗೆ ಕುರ್ಚಿಯಲ್ಲಿ ಕೂರುವ ಕೆಲಸ ಅನ್ನಿಸಬಹುದು. ಕೂತು ಮಾಡುವ ಕೆಲಸಕ್ಕೆ ಕಾಲು ಮೇಲಿಟ್ಟುಕೊಂಡು ಎರಡು ಮೂರು ವಾರಕ್ಕೇ ಹೋಗುವವರಿದ್ದಾರೆ. ನಮ್ಮ ಟೀಚರ್ ತಮ್ಮ ದಿನವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ ತೋರಿಸಿದರು. ಮನೆಯಿಂದ ಶಾಲೆಗೆ 14 ಕಿಲೋಮೀಟರ್ ಬಸ್ಸು. ಸ್ಟಾಪಿನಿಂದ ಅರ್ಧ ಕಿಲೋಮೀಟರ್ ಮಣ್ಣು ರಸ್ತೆ. ಹತ್ತನೇ ತರಗತಿ ಇರುವುದು ಮಹಡಿ ಮೇಲೆ, 22 ಮೆಟ್ಟಿಲು, ಹಿಡಿಕೆ ಒಂದೇ ಕಡೆ. ದಿನಕ್ಕೆ ಆರು ಪಿರಿಯಡ್, ಒಂದೊಂದು 40 ನಿಮಿಷ, ಅಂದರೆ ನಾಲ್ಕು ಗಂಟೆ ಬೋರ್ಡಿನ ಮುಂದೆ ನಿಂತೇ ಇರಬೇಕು. ಶಾಲೆಯಲ್ಲಿರುವುದು ಕುಕ್ಕರಗಾಲಲ್ಲಿ ಕೂರುವ ಶೌಚಾಲಯ.

ಕೊನೆಯ ಮಾತು ಕೇಳಿದ ಮೇಲೆಯೇ ಡಾಕ್ಟರು ಆರು ವಾರವನ್ನು ಎಂಟು ಮಾಡಿದ್ದು. ಕುಕ್ಕರಗಾಲಲ್ಲಿ ಕೂತಾಗ ಹರಡು ಪೂರ್ತಿ ಮಡಚಿಕೊಳ್ಳುತ್ತದೆ. ಆರನೇ ವಾರದಲ್ಲಿ ಬೂಟು ತೆಗೆದ ಕಾಲು ಅಷ್ಟು ಮಡಚುವುದೇ ಇಲ್ಲ. ಮಡಚಿದರೂ ಏಳುವಾಗ ತೂಕವೆಲ್ಲ ಅದರ ಮೇಲೆ ಬಿದ್ದು ಆಯ ತಪ್ಪುತ್ತದೆ. ನಾಚಿಕೆ ಪಟ್ಟುಕೊಂಡು ಇದನ್ನು ಹೇಳದೆ ಬಿಟ್ಟಿದ್ದರೆ ಸರ್ಟಿಫಿಕೇಟಿನಲ್ಲಿ ಆರು ವಾರ ಅಂತಲೇ ಇರುತ್ತಿತ್ತು.

ಕೊನೆಗೆ ಕೊಟ್ಟ ಅರ್ಜಿ

ಇವರಿಂದ,
ಸಹ ಶಿಕ್ಷಕಿ (ಗಣಿತ)

ಇವರಿಗೆ,
ಪ್ರಾಂಶುಪಾಲರು

ದಿನಾಂಕ: 28-10-2024

ಮಾನ್ಯರೇ,

ವಿಷಯ: ಎಡಗಾಲಿನ ಹರಡಿನ ಲಿಗಮೆಂಟ್ ಶಸ್ತ್ರಚಿಕಿತ್ಸೆ ಮತ್ತು ನಂತರದ ವಿಶ್ರಾಂತಿಗಾಗಿ 56 ದಿನಗಳ ಪರಿವರ್ತಿತ ರಜೆ ಕೋರಿ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನನ್ನ ಎಡಗಾಲಿನ ಹರಡಿನ ಲಿಗಮೆಂಟ್ ಹಾನಿಗೊಂಡಿದ್ದು, ದಿನಾಂಕ 11-11-2024ರಂದು ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ನಂತರ ಎರಡು ವಾರ ಕಾಲು ಊರುವಂತಿಲ್ಲವೆಂದೂ, ಆರು ವಾರದವರೆಗೆ ಆಸರೆಯಿಲ್ಲದೆ ನಡೆಯುವಂತಿಲ್ಲವೆಂದೂ, ಒಟ್ಟು ಎಂಟು ವಾರ ವಿಶ್ರಾಂತಿ ಅಗತ್ಯವೆಂದೂ ವೈದ್ಯರು ತಿಳಿಸಿರುತ್ತಾರೆ. ವೈದ್ಯಕೀಯ ಪ್ರಮಾಣಪತ್ರ ಲಗತ್ತಿಸಿದೆ.

ಆದ್ದರಿಂದ ದಿನಾಂಕ 11-11-2024ರಿಂದ 05-01-2025ರವರೆಗೆ 56 ದಿನಗಳ ಪರಿವರ್ತಿತ ರಜೆಯನ್ನು, ನನ್ನ ಲೆಕ್ಕದಲ್ಲಿರುವ ಅರ್ಧ ವೇತನ ರಜೆಯಿಂದ, ಮಂಜೂರು ಮಾಡಿಸಿಕೊಡಬೇಕೆಂದೂ, ಚಿಕಿತ್ಸೆಗಾಗಿ ಕೇಂದ್ರಸ್ಥಾನ ಬಿಡಲು ಅನುಮತಿ ನೀಡಬೇಕೆಂದೂ ಕೋರುತ್ತೇನೆ. ವೈದ್ಯರು ಅರ್ಹತಾ ಪ್ರಮಾಣಪತ್ರ ನೀಡಿದಲ್ಲಿ 06-01-2025ರಂದು ಕರ್ತವ್ಯಕ್ಕೆ ಹಾಜರಾಗುತ್ತೇನೆ. ಅವಧಿ ಹೆಚ್ಚಿಸುವ ಅಗತ್ಯ ಬಂದರೆ, ಆರನೇ ವಾರದ ತಪಾಸಣೆಯ ನಂತರ, ರಜೆ ಮುಗಿಯುವ ಮೊದಲೇ ತಿಳಿಸುತ್ತೇನೆ.

ಹತ್ತನೇ ತರಗತಿಯಲ್ಲಿ ವೃತ್ತಗಳು ಮತ್ತು ವರ್ಗ ಸಮೀಕರಣಗಳವರೆಗೆ ಪಾಠ ಮುಗಿದಿದೆ. ನನ್ನ ರಜೆಯ ಅವಧಿಯಲ್ಲಿ ತ್ರಿಕೋನಮಿತಿ ಮತ್ತು ಸಂಖ್ಯಾಶಾಸ್ತ್ರ ಪಾಠಗಳು ನಡೆಯಬೇಕಾಗಿವೆ. ವಾರವಾರು ಪಾಠ ಹಂಚಿಕೆ, ಘಟಕ ಪರೀಕ್ಷೆಯ ಪ್ರಶ್ನೆಪತ್ರಿಕೆ, ಈವರೆಗಿನ ಅಂಕಪಟ್ಟಿ ಮತ್ತು ಹೆಚ್ಚಿನ ಗಮನ ಬೇಕಾದ ಒಂಬತ್ತು ವಿದ್ಯಾರ್ಥಿಗಳ ಪಟ್ಟಿಯನ್ನು 08-11-2024ರೊಳಗೆ ತಾವು ಸೂಚಿಸಿದ ಶಿಕ್ಷಕರಿಗೆ ಒಪ್ಪಿಸುತ್ತೇನೆ. ಬದಲಿ ವ್ಯವಸ್ಥೆ ಮಾಡಬೇಕೆಂದು ವಿನಂತಿಸುತ್ತೇನೆ.

ಹಾಜರಾದ ನಂತರ ಮೊದಲ ಒಂದು ತಿಂಗಳು ನನ್ನ ತರಗತಿಗಳನ್ನು ಸಾಧ್ಯವಾದಷ್ಟು ಕೆಳ ಅಂತಸ್ತಿನಲ್ಲಿ ಹಾಕಿಕೊಡಬೇಕೆಂದೂ, ಮೈದಾನದ ಉಸ್ತುವಾರಿಯಿಂದ ವಿನಾಯಿತಿ ನೀಡಬೇಕೆಂದೂ ಕೋರುತ್ತೇನೆ.

ರಜೆ ಅವಧಿಯ ವಿಳಾಸ ಮತ್ತು ದೂರವಾಣಿ ಸಂಖ್ಯೆ ಕೆಳಗಿದೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
(ಸಹಿ)

ಅಡಕ: ವೈದ್ಯಕೀಯ ಪ್ರಮಾಣಪತ್ರ, ಎಂಆರ್‌ಐ ವರದಿಯ ಪ್ರತಿ, ಪಾಠ ಹಂಚಿಕೆ ಪಟ್ಟಿ.

ಈ ಅರ್ಜಿ ಯಾಕೆ ಗಟ್ಟಿ?

ಮೊದಲನೆಯದು, ಯಾವ ರಜೆ ಎಂದು ಹೆಸರು ಹೇಳಿದೆ. ಬರೀ 'ರಜೆ ಕೊಡಿ' ಎಂದರೆ ಗುಮಾಸ್ತರು ತಮಗೆ ತೋಚಿದ ಲೆಕ್ಕದಲ್ಲಿ ಕಳೆಯುತ್ತಾರೆ. ಬೇಸಿಗೆ ರಜೆ, ದಸರಾ ರಜೆ ಇರುವ ಇಲಾಖೆ ಆದ್ದರಿಂದ ಶಿಕ್ಷಕರಿಗೆ ಗಳಿಕೆ ರಜೆ ಬೇರೆ ನೌಕರರಿಗಿಂತ ಕಡಿಮೆ. ಆದರೆ ಅರ್ಧ ವೇತನ ರಜೆ ವರ್ಷಕ್ಕೆ 20 ದಿನದಂತೆ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಅದನ್ನು ಮುಟ್ಟದೆ ಮರೆತವರೇ ಬಹಳ. ವೈದ್ಯಕೀಯ ಪ್ರಮಾಣಪತ್ರ ಇದ್ದರೆ ಅದನ್ನು ಪೂರ್ತಿ ಸಂಬಳದ ರಜೆಯಾಗಿ ಪರಿವರ್ತಿಸಿಕೊಳ್ಳಬಹುದು. ಒಂದು ದಿನ ಪೂರ್ತಿ ಸಂಬಳದ ರಜೆಗೆ ಎರಡು ದಿನ ಅರ್ಧ ವೇತನ ರಜೆ ಕಳೆಯುತ್ತಾರೆ. ಅದಕ್ಕೇ ಅದರ ಹೆಸರು ಪರಿವರ್ತಿತ ರಜೆ.

ಟೀಚರ್ ಅರ್ಜಿ ಬರೆಯುವ ಮೊದಲು ಆಫೀಸಿಗೆ ಹೋಗಿ ತಮ್ಮ ಸೇವಾ ಪುಸ್ತಕದ ರಜೆ ಲೆಕ್ಕ ನೋಡಿಕೊಂಡರು. ಅರ್ಧ ವೇತನ ರಜೆ 196 ದಿನ ಇತ್ತು. 56 ದಿನಕ್ಕೆ 112 ಕಳೆದು 84 ಉಳಿಯಿತು. ಸಂಬಳ ಕಡಿತವಾಗಲಿಲ್ಲ. ಇದನ್ನು ನೋಡದೆ ಹೋಗಿದ್ದರೆ ಗಳಿಕೆ ರಜೆಯೆಲ್ಲ ಖಾಲಿಯಾಗಿ, ಉಳಿದ ದಿನಕ್ಕೆ ಸಂಬಳವಿಲ್ಲದ ಅಸಾಧಾರಣ ರಜೆ ಬೀಳುವ ಅಪಾಯವಿತ್ತು.

ಎರಡನೆಯದು, ಮುಗಿಯುವ ದಿನಾಂಕ ಇದೆ. ನಮ್ಮ ಪ್ರಕಾರ ಇಡೀ ಅರ್ಜಿಯ ಜೀವ ಇಲ್ಲಿದೆ. ಪ್ರಾಂಶುಪಾಲರ ಜಾಗದಲ್ಲಿ ನಿಂತು ನೋಡಿ. ಹದಿನೈದು ದಿನದ ರಜೆ ಅಂದರೆ ಅವರು ಏನು ಮಾಡುತ್ತಾರೆ? ಏನೂ ಮಾಡುವುದಿಲ್ಲ. 'ಇನ್ನೇನು ಬರ್ತಾರೆ' ಅಂತ ಆ ಪಿರಿಯಡ್‌ಗೆ ಡ್ರಾಯಿಂಗ್ ಮೇಷ್ಟ್ರನ್ನೋ ಪಿಟಿ ಮೇಷ್ಟ್ರನ್ನೋ ಕೂರಿಸುತ್ತಾರೆ. ಎಂಟು ವಾರ ಎಂದು ಗೊತ್ತಾದರೆ ವೇಳಾಪಟ್ಟಿ ಹೊಸದಾಗಿ ಹಾಕಬೇಕಾಗುತ್ತದೆ, ಮೇಲಿನ ಕಚೇರಿಗೆ ಪತ್ರ ಬರೆದು ನಿಯೋಜನೆ ಕೇಳಬೇಕಾಗುತ್ತದೆ. ಈ ಟೀಚರಿನ ವಿಷಯದಲ್ಲಿ ನಿಯೋಜನೆ ಸಿಗಲಿಲ್ಲ. ಆದರೆ ಅದೇ ಶಾಲೆಯ ವಿಜ್ಞಾನದ ಮೇಷ್ಟ್ರು ಹತ್ತನೇ ತರಗತಿಯ ಗಣಿತ ತೆಗೆದುಕೊಂಡರು, ಎಂಟು ಮತ್ತು ಒಂಬತ್ತಕ್ಕೆ ಪಿರಿಯಡ್ ಕಡಿಮೆ ಮಾಡಿದರು. ಅರೆಬರೆ ವ್ಯವಸ್ಥೆಯೇ ನಿಜ. ಆದರೂ ಹತ್ತನೇ ತರಗತಿಗೆ ಪಾಠ ನಿಲ್ಲಲಿಲ್ಲ.

ಇದಕ್ಕೆ ತಿರುಗುಮುರುಗಾದ ಕಥೆಯನ್ನೂ ನಾವು ಹತ್ತಿರದಿಂದ ನೋಡಿದ್ದೇವೆ. ಬೇರೊಂದು ತಾಲ್ಲೂಕಿನ ಮೇಷ್ಟ್ರೊಬ್ಬರು ಇದೇ ಆಪರೇಷನ್ ಮಾಡಿಸಿಕೊಂಡು ಮೊದಲು ಹದಿನೈದು ದಿನ, ಆಮೇಲೆ ಹತ್ತು ದಿನ, ಮತ್ತೆ ಒಂದು ವಾರ ಎಂದು ಅರ್ಜಿ ಕಳಿಸಿದರು. ಪ್ರತಿ ಸಲವೂ 'ಮುಂದಿನ ವಾರ ಮೇಷ್ಟ್ರು ಬರ್ತಾರೆ' ಎಂಬ ಮಾತು. ಮಕ್ಕಳಿಗೆ ಒಂದು ತಿಂಗಳು ಪಾಠವೇ ಆಗಲಿಲ್ಲ. ಮೂರನೇ ಅರ್ಜಿಗೆ ಕಚೇರಿಯಲ್ಲಿ ಮುಖ ಸಿಂಡರಿಸಿದರು. ಮರ್ಯಾದೆಗೆ ಅಂಜಿ ಮೇಷ್ಟ್ರು ಐದನೇ ವಾರಕ್ಕೆ ಬೂಟು ಬಿಚ್ಚಿಟ್ಟು ಬೈಕ್ ಹತ್ತಿದರು. ಅವರದೂ ಎಡಗಾಲೇ. ಗೇರ್ ಎತ್ತುವುದು ಎಡಪಾದದಲ್ಲಿ, ಬೈಕ್ ನಿಲ್ಲಿಸಿದಾಗ ಊರುವುದೂ ಎಡಪಾದವನ್ನೇ. ಶಾಲೆ ಗೇಟಿನ ಮುಂದೆ ಜಲ್ಲಿಯ ಮೇಲೆ ಕಾಲೂರಿದಾಗ ಪಾದ ಮತ್ತೆ ಒಳಕ್ಕೆ ಮಡಚಿತು. ಮತ್ತೆ ಬಾವು, ಮತ್ತೆ ಬೂಟು, ಮತ್ತೆ ಆರು ವಾರ. ಉಳಿಸಲು ಹೊರಟ ಮೂರು ವಾರಕ್ಕೆ ಆರು ವಾರ ತೆತ್ತರು. ಅವರ ಮಕ್ಕಳೂ ತೆತ್ತರು.

ಮೂರನೆಯದು, ವಾಪಸ್ ಬರುವ ದಿನವನ್ನು ಅರ್ಹತಾ ಪ್ರಮಾಣಪತ್ರಕ್ಕೆ ಕಟ್ಟಿದೆ. ವೈದ್ಯಕೀಯ ಕಾರಣಕ್ಕೆ ರಜೆ ಹೋದವರು ಹಾಜರಾಗುವಾಗ 'ಕೆಲಸಕ್ಕೆ ಯೋಗ್ಯ' ಎಂಬ ಡಾಕ್ಟರ ಪತ್ರ ಕೊಡಬೇಕು. ಅದನ್ನು ತರದೆ ಹೋಗಿ ಬಾಗಿಲಲ್ಲಿ ನಿಂತವರಿದ್ದಾರೆ. ಆರನೇ ವಾರದ ತಪಾಸಣೆಗೆ ಹೋದಾಗಲೇ ಅದರ ಬಗ್ಗೆ ಕೇಳಿಡಿ. ಕಾಲು ಇನ್ನೂ ತಯಾರಿಲ್ಲ ಎಂದು ಅಲ್ಲೇ ಗೊತ್ತಾದರೆ ಎರಡು ವಾರ ಮೊದಲೇ ಶಾಲೆಗೆ ತಿಳಿಸಲು ಸಮಯ ಸಿಗುತ್ತದೆ.

ಇನ್ನು ಮಂಜೂರಾತಿಯ ವಿಷಯ. ಇಷ್ಟು ದೀರ್ಘ ರಜೆಯನ್ನು ಪ್ರಾಂಶುಪಾಲರೇ ಮಂಜೂರು ಮಾಡುವಂತಿಲ್ಲದಿದ್ದರೆ ಅವರ ಮೂಲಕ ಮೇಲಿನ ಕಚೇರಿಗೆ ಹೋಗುತ್ತದೆ. ಅದಕ್ಕೇ ಟೀಚರ್ ಎರಡು ವಾರ ಮೊದಲೇ ಕೊಟ್ಟದ್ದು. ಎರಡು ಪ್ರತಿ ಒಯ್ದು, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಶಾಲೆಯ ಮೊಹರು, ದಿನಾಂಕ ಹಾಕಿಸಿಕೊಂಡು ಮನೆಯಲ್ಲಿಟ್ಟರು. ವಾಟ್ಸಾಪಿನಲ್ಲಿ 'ಸರ್, ಲೀವ್' ಎಂದು ಕಳಿಸಿ, ಅವರು ಹೆಬ್ಬೆಟ್ಟು ತೋರಿಸಿದರೆ ಅದು ಮಂಜೂರಾತಿ ಅಲ್ಲ. ರಜೆ ಹಕ್ಕಲ್ಲ, ಮಂಜೂರಾಗಬೇಕು ಎನ್ನುತ್ತದೆ ನಿಯಮ. ಮುಂದೆ ಯಾರಾದರೂ 'ಅನಧಿಕೃತ ಗೈರು' ಎಂದರೆ ಆ ಮೊಹರಿನ ಪ್ರತಿಯೇ ನಿಮ್ಮ ಕೈ ಹಿಡಿಯುವುದು.

ಮನೆಯಲ್ಲಿ ಕೂತಿದ್ದಾರೆ ಎನ್ನುವವರಿಗೆ

ಟೀಚರ್ ಎರಡನೇ ವಾರ ಅಂಗಳದಲ್ಲಿ ಕುರ್ಚಿ ಹಾಕಿ ಕಾಲು ಸ್ಟೂಲಿನ ಮೇಲಿಟ್ಟು ಕೂತಿದ್ದನ್ನು ಕಂಡವರೊಬ್ಬರು 'ಸರ್ಕಾರಿ ಸಂಬಳ, ಬಿಸಿಲು ಕಾಯಿಸ್ತಾ ಕೂತವ್ರೆ' ಅಂದರಂತೆ. ಅವರು ಕಂಡದ್ದು ಕುರ್ಚಿ. ರಾತ್ರಿ ಬಚ್ಚಲಿಗೆ ಹೋಗಲು ವಾಕರ್ ಹಿಡಿದು ಒಂದೇ ಕಾಲಲ್ಲಿ ಕುಪ್ಪಳಿಸುವುದನ್ನು ಅವರು ಕಂಡಿಲ್ಲ. ರಜೆ ಅಂದರೆ ಇಲ್ಲಿ ಸುಮ್ಮನೆ ಮಲಗುವುದೂ ಅಲ್ಲ. ಮೊಣಕಾಲು, ಬೆರಳು ಆಡಿಸುತ್ತಿರಬೇಕು. ಮೀನಖಂಡ ಬಿಗಿದು ಊದಿ ನೋಯತೊಡಗಿದರೆ ರಕ್ತ ಹೆಪ್ಪುಗಟ್ಟಿರಬಹುದು, ಅದರ ಜೊತೆ ಏದುಸಿರು ಬಂದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಜ್ವರ ಬಂದು ಗಾಯ ಕೆಂಪಾಗಿ ಕೀವು ಕಂಡರೂ ಕಾಯಬಾರದು. ಮತ್ತು ಹೊಲಿದ ಕಾಲನ್ನು ಯಾರ ಕೈಯಲ್ಲೂ ನೀವಿಸಬಾರದು. ಈ ಕಾಲಕ್ಕೆ ಎಣ್ಣೆಯೂ ಬೇಡ, ಎಳೆಯುವುದೂ ಬೇಡ.

ಹಾಗೆಂದು ಊರವರ ಅನುಮಾನ ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದು ಎಂದೂ ನಾವು ಹೇಳುವುದಿಲ್ಲ. ಮದುವೆ ಸೀಸನ್ನಿಗೆ ಸುಳ್ಳು ವೈದ್ಯಕೀಯ ಪ್ರಮಾಣಪತ್ರ ತಂದು ಕೊಡುವವರನ್ನು ಹಳ್ಳಿ ನೋಡಿದೆ. ಅಂಥವರು ಕದಿಯುವುದು ನಾಲ್ಕು ದಿನದ ಕೆಲಸ ಮಾತ್ರವಲ್ಲ, ನಿಜವಾಗಿ ಕಾಲು ಹೊಲಿಸಿಕೊಂಡವರ ನಂಬಿಕೆಯನ್ನೂ ಕದಿಯುತ್ತಾರೆ. ಈ ಟೀಚರ್ ತಮ್ಮ ಎಂಆರ್‌ಐ ವರದಿಯ ಪ್ರತಿಯನ್ನು ಅರ್ಜಿಗೆ ಲಗತ್ತಿಸಿದ್ದು ಅದಕ್ಕೇ. ಕೇಳಿರಲಿಲ್ಲ, ತಾವೇ ಕೊಟ್ಟರು. ಹಾಗೆ ಕೊಡಬೇಕಾಗಿ ಬಂತಲ್ಲ ಎಂಬ ಬೇಸರ ನಮಗಿದೆ.

ಎಸ್‌ಡಿಎಂಸಿಯವರಿಗೆ ಒಂದು ಮಾತು. ಟೀಚರ್ ಯಾವಾಗ ಬರುತ್ತಾರೆ ಎಂದು ಅವರ ಮನೆಗೆ ಹೋಗಿ ಕೇಳಬೇಡಿ, ಅದು ಅರ್ಜಿಯಲ್ಲಿದೆ. ಆ ಎಂಟು ವಾರ ನಮ್ಮ ಮಕ್ಕಳಿಗೆ ಗಣಿತ ಯಾರು ಮಾಡುತ್ತಾರೆ ಎಂದು ಪ್ರಾಂಶುಪಾಲರನ್ನು ಕೇಳಿ, ಉತ್ತರ ಬರದಿದ್ದರೆ ಮೇಲಿನ ಕಚೇರಿಗೆ ನೀವೂ ಒಂದು ಪತ್ರ ಹಾಕಿ. ಪ್ರಶ್ನೆ ಕೇಳಬೇಕಾದದ್ದು ಖಾಲಿ ಪಿರಿಯಡ್ ಬಗ್ಗೆ, ಕಾಲಿನ ಬಗ್ಗೆ ಅಲ್ಲ.

ಈ ಅರ್ಜಿ ಬರೆಯಲಾಗದವರು

ಇಷ್ಟೆಲ್ಲ ಹೇಳಿದ ಮೇಲೆ ಒಂದು ವಿಷಯ ನಮ್ಮನ್ನು ಚುಚ್ಚುತ್ತದೆ. ಅದೇ ಶಾಲೆಯಲ್ಲಿ ಅತಿಥಿ ಶಿಕ್ಷಕಿಯೊಬ್ಬರಿದ್ದಾರೆ. ಅವರಿಗೂ ಅಷ್ಟೇ ಮೆಟ್ಟಿಲು, ಅಷ್ಟೇ ಪಿರಿಯಡ್. ಈ ಅರ್ಜಿ ಓದಿ ಅವರು ನಕ್ಕರು. 'ಅಕ್ಕ, ನಾನು ಇದನ್ನ ಬರೆದ್ರೆ ಪ್ರಾಂಶುಪಾಲರು ಬೇರೆಯವರನ್ನ ಹುಡುಕ್ತಾರೆ ಅಷ್ಟೇ.' ಅರ್ಧ ವೇತನ ರಜೆಯ ಲೆಕ್ಕ ಅವರಿಗಿಲ್ಲ, ಸೇವಾ ಪುಸ್ತಕವೇ ಇಲ್ಲ. ಅವರ ಕಾಲು ಹರಿದರೆ ಎಂಟು ವಾರ ಗೌರವಧನವಿಲ್ಲ, ಒಂಬತ್ತನೇ ವಾರಕ್ಕೆ ಕೆಲಸ ಇರುತ್ತದೆ ಎಂಬ ಖಾತರಿಯೂ ಇಲ್ಲ. ಹಾಗಾಗಿ ಅವರು ಆಪರೇಷನ್ನನ್ನೇ ಬೇಸಿಗೆಗೆ ಮುಂದೂಡುತ್ತಾರೆ, ಅಥವಾ ಮಾಡಿಸಿಕೊಳ್ಳುವುದೇ ಇಲ್ಲ.

ಖಾಸಗಿ ಶಾಲೆಯವರ ಸ್ಥಿತಿ ಆಡಳಿತ ಮಂಡಳಿಯ ಮನಸ್ಸಿನ ಮೇಲೆ ನಿಂತಿದೆ. ಆದರೆ ನಿಮ್ಮ ಶಾಲೆ ಇಎಸ್‌ಐ ವ್ಯಾಪ್ತಿಯಲ್ಲಿದ್ದು, ನಿಮ್ಮ ಸಂಬಳ ತಿಂಗಳಿಗೆ 21,000 ರೂಪಾಯಿ ಮೀರದಿದ್ದರೆ, ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತ ಇದೆಯೇ ನೋಡಿ. ನಿಗದಿಯಾದಷ್ಟು ದಿನ ವಂತಿಗೆ ಕಟ್ಟಿದವರಿಗೆ ಅನಾರೋಗ್ಯದ ರಜೆಯಲ್ಲಿ ಸಂಬಳದ ಶೇಕಡ 70ರಷ್ಟು ಭತ್ಯೆ, ವರ್ಷದಲ್ಲಿ 91 ದಿನದವರೆಗೆ ಸಿಗುತ್ತದೆ. ಎಂಟು ವಾರ ಅಂದರೆ 56 ದಿನ, ಅದರೊಳಗೇ ಬರುತ್ತದೆ. ಅದಕ್ಕೆ ಇಎಸ್‌ಐ ವೈದ್ಯರ ಪ್ರಮಾಣಪತ್ರ ಬೇಕು. ಹಾಗಾಗಿ ಆಪರೇಷನ್ನಿಗೆ ಮೊದಲೇ ಇಎಸ್‌ಐ ಚಿಕಿತ್ಸಾಲಯಕ್ಕೆ ಹೋಗಿ ಬನ್ನಿ. ಪ್ರಾಂಶುಪಾಲರಿಗೆ ಅರ್ಜಿಯನ್ನಂತೂ ಕೊಡಲೇಬೇಕು. ಒಂದು ಕೊಟ್ಟರೆ ಇನ್ನೊಂದು ಬೇಡ ಎಂದಲ್ಲ.

ಅತಿಥಿ ಶಿಕ್ಷಕರಿಗೆ ಆಪರೇಷನ್ ಆದರೆ ಕನಿಷ್ಠ ಅದೇ ಜಾಗಕ್ಕೆ ವಾಪಸ್ ಬರುವ ಖಾತರಿ ಲಿಖಿತವಾಗಿ ಇರಬೇಕು ಎಂಬುದು ನಮ್ಮ ಒತ್ತಾಯ. ಇದಕ್ಕೆ ದುಡ್ಡು ಕೂಡ ಬೇಕಾಗಿಲ್ಲ, ಒಂದು ಆದೇಶ ಸಾಕು. ಕಾಲು ಖಾಯಂ ನೌಕರರದ್ದಾದರೂ ಅತಿಥಿಗಳದ್ದಾದರೂ ಹೊಲಿಗೆ ಕೂಡಿಕೊಳ್ಳಲು ಹಿಡಿಯುವುದು ಅಷ್ಟೇ ವಾರ.

ಟೀಚರ್ ಜನವರಿ 6ರಂದು ಬ್ರೇಸ್ ಹಾಕಿಕೊಂಡು, ಕೈಯಲ್ಲಿ ಪ್ರಮಾಣಪತ್ರ ಹಿಡಿದು ಶಾಲೆಗೆ ಬಂದರು. ಹತ್ತನೇ ತರಗತಿಯನ್ನು ಕೆಳಗಿನ ಕೋಣೆಗೆ ಇಳಿಸಿದ್ದರು. ಶೌಚಾಲಯ ಮಾತ್ರ ಹಾಗೇ ಇತ್ತು. ಅದಕ್ಕೆ ಪ್ಲಾಸ್ಟಿಕ್ ಕಮೋಡ್ ಕುರ್ಚಿಯೊಂದನ್ನು ಟೀಚರ್ ತಮ್ಮ ದುಡ್ಡಲ್ಲೇ ತಂದಿಟ್ಟರು. ಸಂಜೆ ಹೊತ್ತಿಗೆ ಹರಡು ಈಗಲೂ ಸ್ವಲ್ಪ ಊದುತ್ತದೆ. ಅದು ಕೆಲವು ತಿಂಗಳು ಹಾಗೇ ಇರುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೆ ಕಾಲು ಮಡಚಿಕೊಂಡಿಲ್ಲ.

ಆ ಮೊದಲ ಮೂರು ಸಾಲಿನ ಅರ್ಜಿಯ ಚೂರುಗಳು ಇನ್ನೂ ಅವರ ಬ್ಯಾಗಿನ ಜೇಬಿನಲ್ಲಿವೆಯಂತೆ. ನಿಮ್ಮ ಮನೆಯಲ್ಲೂ ಅಂಥ ಅರ್ಜಿ ಬರೆಯುತ್ತಿರುವವರಿದ್ದರೆ, ಡಾಕ್ಟರ ಚೀಟಿಯಲ್ಲಿ ಎಷ್ಟು ವಾರ ಬರೆದಿದೆ ಎಂದು ಒಂದು ಸಲ ಕೇಳಿ. ಅರ್ಜಿಯಲ್ಲೂ ಅಷ್ಟೇ ಇರಲಿ.